ಬೇಸಾಯಶಾಸ್ತ್ರವೋ, ತೋಟಗಾರಿಕೆಯೋ, ಕೃಷಿ ಅರ್ಥಶಾಸ್ತ್ರವೋ: ಒಂದು ಎಕರೆ ಗದ್ದೆಯನ್ನು ಮುಂದಿಟ್ಟುಕೊಂಡು ಸ್ನಾತಕೋತ್ತರ ವಿಷಯ ಆರಿಸುವ ಕ್ರಮ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಯಿಂದ ಹೋಗಿ ಧಾರವಾಡ, ಹನುಮನಮಟ್ಟಿ ಅಥವಾ ಶಿವಮೊಗ್ಗದಲ್ಲಿ ಬಿ.ಎಸ್ಸಿ. ಕೃಷಿ ಓದುತ್ತಿರುವವರೂ ಶಿರಸಿಯ ತೋಟಗಾರಿಕಾ ಮಹಾವಿದ್ಯಾಲಯದಲ್ಲಿಯೇ ಓದುತ್ತಿರುವವರೂ ಸ್ನಾತಕೋತ್ತರ ವಿಷಯ ಆರಿಸುವಾಗ ಎಡವುವ ಜಾಗಗಳು ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಅಡಿಕೆ ತೋಟವಿದೆ, ಬೆಳೆ ಬೆಳೆಯುವ ಶಾಸ್ತ್ರವೆಂದರೆ ಬೇಸಾಯಶಾಸ್ತ್ರ, ಆದ್ದರಿಂದ ಅಡಿಕೆಯ ಮೇಲೆಯೇ ಸಂಶೋಧನೆ ಮಾಡಬಹುದು ಎಂದುಕೊಂಡು ಅಗ್ರಾನಮಿ ಸೇರಿದವರು ಎರಡು ವರ್ಷ ಗೋವಿನಜೋಳದ ತಾಕುಗಳಲ್ಲಿ ಕಳೆ ಎಣಿಸುತ್ತಾರೆ. ತೋಟಗಾರಿಕೆ ಎಂದರೆ ಒಂದೇ ಪದವಿ ಎಂದು ತಿಳಿದವರು ಸೀಟು ಹಂಚಿಕೆಯ ದಿನ ಹೂವೋ, ತರಕಾರಿಯೋ, ಹಣ್ಣೋ, ಸಾಂಬಾರ ಬೆಳೆಯೋ ಎಂಬ ಪ್ರಶ್ನೆಗೆ ನಿಂತಲ್ಲೇ ಉತ್ತರಿಸುತ್ತಾರೆ. ಬಿಸಿಲಿನಿಂದ ತಪ್ಪಿಸಿಕೊಳ್ಳಬಹುದು, ಬ್ಯಾಂಕಿನ ಕೆಲಸ ಸಿಗುತ್ತದೆ ಎಂದು ಕೃಷಿ ಅರ್ಥಶಾಸ್ತ್ರಕ್ಕೆ ಹೋದವರಿಗೆ ಎರಡೂ ಸರಿಯಲ್ಲವೆಂದು ತಿಳಿಯುವುದು ಮೊದಲ ವರ್ಷ ಮುಗಿದ ಮೇಲೆ.

ಈ ತಪ್ಪುಗಳ ಮೂಲ ಕ್ರಮದಲ್ಲಿದೆ. ಬಹುತೇಕರು ಮೊದಲು ಪರೀಕ್ಷೆ ಬರೆದು, ರ‍್ಯಾಂಕ್ ನೋಡಿ, ಆಮೇಲೆ ವಿಷಯದ ಬಗ್ಗೆ ಯೋಚಿಸುತ್ತಾರೆ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ, ಅರ್ಜಿಯ ಅಧಿಸೂಚನೆ ಹೊರಬೀಳುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಆರಂಭಿಸಬೇಕು. ಬೇಕಾಗುವ ಪರಿಕರಗಳು ಹೆಚ್ಚಿಲ್ಲ: ಒಂದು ಉದ್ದ ನೋಟುಪುಸ್ತಕ, ಅಳತೆ ಟೇಪು, ಚಿಕ್ಕ ತಕ್ಕಡಿ, ಲೆಕ್ಕಕ್ಕೆ ಕಂಪ್ಯೂಟರಿನ ಸ್ಪ್ರೆಡ್‌ಶೀಟ್, ಹಾಗೂ ಹಿಂದಿನ ವರ್ಷದ ಪ್ರವೇಶ ಅಧಿಸೂಚನೆಗಳ ಪೂರ್ಣ ಪ್ರತಿ. ಗೆಳೆಯರು ಕಳುಹಿಸಿದ ಸ್ಕ್ರೀನ್‌ಶಾಟ್ ಪೂರ್ಣ ಪ್ರತಿಯಲ್ಲ.

ಹಂತ 1: ನಿಮಗೆ ತೆರೆದಿರುವ ಬಾಗಿಲುಗಳು ಯಾವುವು ಎಂದು ಮೊದಲು ನೋಡಿ

ರಾಷ್ಟ್ರಮಟ್ಟದಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸೀಟುಗಳಿಗೆ ನಡೆಯುವ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ವಿಷಯ ಗುಂಪುಗಳಾಗಿ ಹಂಚಿಕೊಂಡಿದೆ. ಬೇಸಾಯಶಾಸ್ತ್ರ ಒಂದು ಗುಂಪು, ತೋಟಗಾರಿಕೆ ಇನ್ನೊಂದು, ಕೃಷಿ ಅರ್ಥಶಾಸ್ತ್ರವು ಕೃಷಿ ವಿಸ್ತರಣೆಯೊಂದಿಗೆ ಸಮಾಜವಿಜ್ಞಾನದ ಗುಂಪಿನಲ್ಲಿದೆ. ಅರ್ಜಿ ತುಂಬುವಾಗಲೇ ಒಂದು ಗುಂಪನ್ನು ಮಾತ್ರ ಆರಿಸಬೇಕು. ಪ್ರಶ್ನೆಪತ್ರಿಕೆ ಆ ಗುಂಪಿನದೇ ಆಗಿರುತ್ತದೆ. ಸರಿ ಉತ್ತರಕ್ಕೆ 4 ಅಂಕ ಸಿಕ್ಕಿ ತಪ್ಪಿಗೆ 1 ಅಂಕ ಕಳೆಯುವ ಈ ಪರೀಕ್ಷೆಯಲ್ಲಿ ಅರೆಮನಸ್ಸಿನಿಂದ ಓದಿದ ವಿಷಯ ಕೈಹಿಡಿಯುವುದಿಲ್ಲ. ಹೀಗಾಗಿ ನಿಮ್ಮ ನಿಜವಾದ ಗಡುವು ಫಲಿತಾಂಶದ ದಿನವಲ್ಲ, ಅರ್ಜಿಯ ಕೊನೆಯ ದಿನ.

ರಾಜ್ಯದ ವಿಶ್ವವಿದ್ಯಾಲಯಗಳು ತಮ್ಮ ಸೀಟುಗಳಿಗೆ ಹೊರಡಿಸುವ ಅಧಿಸೂಚನೆ ಬೇರೆ. ಅದರಲ್ಲಿ ಮೊದಲು ಓದಬೇಕಾದದ್ದು ಪ್ರತಿ ವಿಷಯದ ಎದುರು ಯಾವ ಸ್ನಾತಕ ಪದವಿಯನ್ನು ಒಪ್ಪಿದ್ದಾರೆ ಎಂಬ ಪಟ್ಟಿ. ಬಿ.ಎಸ್ಸಿ. ಕೃಷಿಯವರು ತೋಟಗಾರಿಕೆಯ ಕೆಲವು ಶಾಖೆಗಳಿಗೆ ಹೋಗಲು ಸಾಧ್ಯವಿರುವಷ್ಟು ಸುಲಭವಾಗಿ ಬಿ.ಎಸ್ಸಿ. ತೋಟಗಾರಿಕೆಯವರು ಬೇಸಾಯಶಾಸ್ತ್ರಕ್ಕೆ ಬರಲು ಎಲ್ಲೆಡೆ ಆಗುವುದಿಲ್ಲ. ನೋಟುಪುಸ್ತಕದ ಮೊದಲ ಪುಟದಲ್ಲಿ ಮೂರು ವಿಷಯ ಬರೆದು, ಪ್ರತಿಯೊಂದರ ಎದುರು ನಿಮ್ಮ ಪದವಿ ಎಲ್ಲೆಲ್ಲಿ ಸಲ್ಲುತ್ತದೆ ಎಂದು ದಾಖಲಿಸಿ. ಸಲ್ಲದ ವಿಷಯವನ್ನು ಈಗಲೇ ಹೊಡೆದುಹಾಕಿ. ಮುಂದಿನ ಹಂತಗಳ ಶ್ರಮ ಅದರ ಮೇಲೆ ವ್ಯರ್ಥವಾಗಬಾರದು.

ತೋಟಗಾರಿಕೆ ಉಳಿದುಕೊಂಡಿದ್ದರೆ ಅದೇ ಪುಟದಲ್ಲಿ ಶಾಖೆಯನ್ನೂ ಬರೆಯಬೇಕು. ಹಣ್ಣು ವಿಜ್ಞಾನ, ತರಕಾರಿ ವಿಜ್ಞಾನ, ಪುಷ್ಪ ಕೃಷಿ, ಕೊಯ್ಲೋತ್ತರ ನಿರ್ವಹಣೆ ಹಾಗೂ ತೋಟಪಟ್ಟಿ, ಸಾಂಬಾರ, ಔಷಧಿ ಮತ್ತು ಸುಗಂಧ ಬೆಳೆಗಳು ಎಂದು ಪದವಿ ಪ್ರಮಾಣಪತ್ರದಲ್ಲಿಯೇ ಬೇರೆ ಬೇರೆಯಾಗಿ ಅಚ್ಚಾಗುತ್ತದೆ. ನಮ್ಮ ಜಿಲ್ಲೆಯ ಅಡಿಕೆ, ಕಾಳುಮೆಣಸು, ಏಲಕ್ಕಿ, ತೆಂಗು ಎಲ್ಲವೂ ಸೇರುವುದು ಈ ಕೊನೆಯ ಶಾಖೆಗೆ. ಅಪ್ಪೆಮಿಡಿ ಅಥವಾ ಅಂಕೋಲಾ-ಕಾರವಾರದ ಕರಿ ಇಶಾಡ ಮಾವಿನ ಮೇಲೆ ಕೆಲಸ ಮಾಡಬೇಕೆಂದಿರುವವರು ಹಣ್ಣು ವಿಜ್ಞಾನಕ್ಕೆ ಹೋಗಬೇಕು. ಬೇಸಾಯಶಾಸ್ತ್ರ ವಿಭಾಗಗಳ ಮುಖ್ಯ ಕ್ಷೇತ್ರ ಭತ್ತ, ಗೋವಿನಜೋಳ, ದ್ವಿದಳ, ಎಣ್ಣೆಕಾಳು, ಹತ್ತಿ, ಕಬ್ಬಿನಂಥ ಹೊಲದ ಬೆಳೆಗಳು.

ಹಂತ 2: ನೇಮಕಾತಿ ಅಧಿಸೂಚನೆಯಿಂದ ಹಿಂದಕ್ಕೆ ಓದಿ

ಮುಂದೆ ಯಾವ ಹುದ್ದೆ ಬೇಕು ಎಂದು ಮನೆಯವರೂ ಸಂಬಂಧಿಕರೂ ಕೇಳುತ್ತಾರೆ. ಉತ್ತರವನ್ನು ಅವರ ಮಾತಿನಲ್ಲಿ ಹುಡುಕುವ ಬದಲು ಹಳೆಯ ನೇಮಕಾತಿ ಅಧಿಸೂಚನೆಗಳ ‘ಅಗತ್ಯ ವಿದ್ಯಾರ್ಹತೆ’ ಎಂಬ ಸಾಲಿನಲ್ಲಿ ಹುಡುಕುವುದು ಸರಿ.

ಅಲ್ಲಿ ಮೊದಲು ಕಾಣುವ ವಿಷಯ, ಅನೇಕ ಹುದ್ದೆಗಳಿಗೆ ಸ್ನಾತಕೋತ್ತರ ಪದವಿ ಬೇಕಾಗಿಯೇ ಇಲ್ಲ ಎಂಬುದು. ಕೃಷಿ ಇಲಾಖೆಯ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೂ ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೂ ಸ್ನಾತಕ ಪದವಿಯೇ ಆಧಾರ. ಬ್ಯಾಂಕಿನ ಈ ಹುದ್ದೆಗೆ ನಾಲ್ಕು ವರ್ಷದ ಕೃಷಿ, ತೋಟಗಾರಿಕೆ ಮುಂತಾದ ಪದವೀಧರರೆಲ್ಲರೂ ಅರ್ಹರು. ಕೃಷಿ ಅರ್ಥಶಾಸ್ತ್ರದ ಎಂ.ಎಸ್ಸಿ.ಗೆ ಅಲ್ಲಿ ವಿಶೇಷ ಆದ್ಯತೆಯಿಲ್ಲ, ವಯೋಮಿತಿ ಮಾತ್ರ ಇದೆ. ಬ್ಯಾಂಕೇ ಗುರಿಯಾಗಿದ್ದರೆ ಎರಡು ವರ್ಷವನ್ನು ಎಂ.ಎಸ್ಸಿ.ಗೆ ಕೊಡುವ ಮೊದಲು ಆ ಮಿತಿಯೊಂದಿಗೆ ನಿಮ್ಮ ವಯಸ್ಸನ್ನು ಹೋಲಿಸಿ ನೋಡಿ. ನಬಾರ್ಡಿನ ಅಧಿಕಾರಿ ಪರೀಕ್ಷೆಯಲ್ಲಿ ಆರ್ಥಿಕ-ಸಾಮಾಜಿಕ ವಿಷಯಗಳ ಹಾಗೂ ಕೃಷಿ-ಗ್ರಾಮೀಣ ಅಭಿವೃದ್ಧಿಯ ಪತ್ರಿಕೆಗಳಿರುವುದರಿಂದ ಅರ್ಥಶಾಸ್ತ್ರದ ಓದು ಅಲ್ಲಿ ಉಪಯೋಗಕ್ಕೆ ಬರುತ್ತದೆ, ಅಷ್ಟೇ.

ವಿಷಯದ ಹೆಸರು ನಿಜವಾಗಿ ಬಾಗಿಲಾಗುವುದು ಬೋಧನೆ ಮತ್ತು ಸಂಶೋಧನೆಯಲ್ಲಿ. ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ ನಡೆಸುವ ನೆಟ್ ಪರೀಕ್ಷೆಯಲ್ಲಿ ಬೇಸಾಯಶಾಸ್ತ್ರ, ಕೃಷಿ ಅರ್ಥಶಾಸ್ತ್ರ, ಹಣ್ಣು ವಿಜ್ಞಾನ, ತರಕಾರಿ ವಿಜ್ಞಾನ ಎಲ್ಲವೂ ಬೇರೆ ಬೇರೆ ವಿಭಾಗಗಳು, ನಿಮ್ಮ ಎಂ.ಎಸ್ಸಿ. ಯಾವುದರಲ್ಲಿದೆಯೋ ಅದರಲ್ಲಿಯೇ ಬರೆಯಬೇಕಾಗುತ್ತದೆ. ಶಿರಸಿಯಲ್ಲಿರುವಂಥ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಷಯ ತಜ್ಞರ ಹುದ್ದೆಗಳು ವಿಷಯವಾರು ಹಂಚಿಕೆಯಾಗಿರುತ್ತವೆ. ಅಲ್ಲಿ ಬೇಸಾಯಶಾಸ್ತ್ರ ಮತ್ತು ತೋಟಗಾರಿಕೆಗೆ ಸಾಮಾನ್ಯವಾಗಿ ಸ್ಥಾನವಿದೆ, ಕೃಷಿ ಅರ್ಥಶಾಸ್ತ್ರಕ್ಕೆ ಇರುವುದು ಅಪರೂಪ. ಊರಿಗೆ ಹತ್ತಿರ ಇರಬೇಕು ಎಂಬ ಆಸೆಯಿಂದ ಕೃಷಿ ಅರ್ಥಶಾಸ್ತ್ರ ಆರಿಸುವವರು ಇದನ್ನು ಮೊದಲೇ ತಿಳಿದಿರಬೇಕು. ಆ ವಿಷಯದವರ ಕೆಲಸ ಹೆಚ್ಚಾಗಿ ವಿಶ್ವವಿದ್ಯಾಲಯ, ಸಂಶೋಧನಾ ಯೋಜನೆ, ದೊಡ್ಡ ಸಹಕಾರಿ ಮತ್ತು ಹಣಕಾಸು ಸಂಸ್ಥೆಗಳಲ್ಲಿರುತ್ತದೆ.

ಹಂತ 3: ಒಂದೇ ಗದ್ದೆಗೆ ಮೂರು ಸಂಶೋಧನಾ ಪ್ರಶ್ನೆ ಬರೆಯಿರಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಬೇಕು. ಕಾರಣ ಪಠ್ಯಕ್ರಮದಲ್ಲಿಯೇ ಇದೆ: ಈಗಿನ ಎಂ.ಎಸ್ಸಿ.ಯ 70 ಕ್ರೆಡಿಟ್‌ಗಳಲ್ಲಿ 30 ಪ್ರಬಂಧಕ್ಕೇ ಮೀಸಲು. ಮುಖ್ಯ ವಿಷಯದ ಪಾಠಗಳಿಗೆ ಇರುವುದು 20. ಸ್ನಾತಕ ಹಂತದಲ್ಲಿ ಯಾವ ವಿಷಯದಲ್ಲಿ ಅಂಕ ಚೆನ್ನಾಗಿ ಬಂದಿತ್ತು ಎಂಬುದು ಪಾಠದ ಪಾಲಿನ ಬಗ್ಗೆ ಮಾತ್ರ ಹೇಳುತ್ತದೆ. ಪ್ರಬಂಧದ ಕೆಲಸ ನಿಮಗೆ ಒಗ್ಗುವುದೇ ಎಂದು ತಿಳಿಯಲು ಆ ಕೆಲಸದ ಒಂದು ತುಣುಕನ್ನಾದರೂ ಮಾಡಿ ನೋಡಬೇಕು, ಅದಕ್ಕೆ ಮೂರೂ ವಿಷಯಗಳಿಗೆ ಸಮಾನವಾದ ಒಂದು ಸಮಸ್ಯೆ ಬೇಕು.

ನಮ್ಮ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಅಂಥ ಸಮಸ್ಯೆ ಪ್ರತಿ ಊರಿನಲ್ಲಿದೆ: ತೋಟದ ಕೆಳಗಿನ ಒಂದು ಎಕರೆ ಭತ್ತದ ಗದ್ದೆಯನ್ನು ಹಾಗೆಯೇ ಉಳಿಸಿಕೊಳ್ಳಬೇಕೇ, ಅಡಿಕೆ ಹಾಕಬೇಕೇ? ಈ ಒಂದೇ ಗದ್ದೆಯನ್ನು ಮೂವರು ಹೇಗೆ ನೋಡುತ್ತಾರೆ ಎಂಬುದನ್ನು ವಿವರವಾಗಿ ನೋಡೋಣ.

ಬೇಸಾಯಶಾಸ್ತ್ರದ ವಿದ್ಯಾರ್ಥಿ ಗದ್ದೆ ಗದ್ದೆಯಾಗಿಯೇ ಉಳಿಯುತ್ತದೆ ಎಂದು ಹಿಡಿದು, ಅದರ ಇಳುವರಿ ಹೆಚ್ಚಿಸುವುದು ಹೇಗೆ ಎಂದು ಕೇಳುತ್ತಾನೆ. ಉದಾಹರಣೆಗೆ, ಜೋರು ಮಳೆಯಲ್ಲಿ ಕೊಟ್ಟ ಸಾರಜನಕ ತೊಳೆದುಹೋಗುವುದರಿಂದ ಅದನ್ನು ಎಷ್ಟು, ಯಾವಾಗ ಕೊಡಬೇಕು ಎಂಬ ಪ್ರಶ್ನೆ ತೆಗೆದುಕೊಳ್ಳಿ. 7 ಉಪಚಾರ, 3 ಪುನರಾವರ್ತನೆ ಎಂದರೆ 21 ತಾಕುಗಳು. ಕಡಿಮೆ ಉಪಚಾರ ಇಟ್ಟರೆ ಕೆಲಸ ಹಗುರವಾಗುತ್ತದೆ ಎಂದು ತೋರಬಹುದು. ಆದರೆ ಸರಳ ಯಾದೃಚ್ಛಿಕ ಖಂಡ ವಿನ್ಯಾಸದಲ್ಲಿ ದೋಷದ ಸ್ವಾತಂತ್ರ್ಯ ಮಾನ 12ಕ್ಕಿಂತ ಕಡಿಮೆಯಾದರೆ ಫಲಿತಾಂಶದ ಮೇಲೆ ಭರವಸೆ ಇಡುವುದು ಕಷ್ಟ, 7 ಮತ್ತು 3ರ ಲೆಕ್ಕದಲ್ಲಿ ಅದು ಸರಿಯಾಗಿ 12 ಬರುತ್ತದೆ. ಒಂದು ತಾಕು 5 ಮೀಟರ್ ಉದ್ದ, 4 ಮೀಟರ್ ಅಗಲ ಇದ್ದರೆ 20 ಚದರ ಮೀಟರ್, ಅಂದರೆ ಹೆಕ್ಟೇರಿನ 500ರಲ್ಲಿ ಒಂದು ಪಾಲು. ಹೆಕ್ಟೇರಿಗೆ 100 ಕಿಲೋ ಸಾರಜನಕ ಎಂಬ ಉಪಚಾರಕ್ಕೆ ಈ ತಾಕಿಗೆ 200 ಗ್ರಾಂ ಸಾರಜನಕ ಬೇಕು. ಯೂರಿಯಾದಲ್ಲಿ ಶೇಕಡಾ 46 ಸಾರಜನಕ ಇರುವುದರಿಂದ ತೂಗಬೇಕಾದದ್ದು ಸುಮಾರು 435 ಗ್ರಾಂ. ಅದನ್ನು ಮೂರು ಕಂತಾಗಿ, 21 ತಾಕುಗಳಿಗೂ ಬೇರೆ ಬೇರೆ ತೂಗಿ, ಮಳೆ ಬಿಡುವು ಕೊಟ್ಟ ಗಳಿಗೆಯಲ್ಲಿ ಹಾಕಬೇಕು. ಆಮೇಲೆ ಗುರುತಿಸಿದ ಗಿಡಗಳ ತೆಂಡೆ ಎಣಿಸುವುದು, ಒಣತೂಕ ತೆಗೆಯುವುದು, ತೆನೆಯ ಕಾಳು ಎಣಿಸುವುದು, ಅಂಚಿನ ಸಾಲು ಬಿಟ್ಟು ಒಳಭಾಗವನ್ನು ಮಾತ್ರ ಕೊಯ್ದು ತೂಗುವುದು.

ಶಿರಸಿಯ ಮಳೆಯಲ್ಲಿ ಇಂಥ ಪ್ರಯೋಗ ಕೆಡುವುದು ಬದುವಿನಲ್ಲಿ. ಒಂದು ತಾಕಿನ ನೀರು ಬದು ದಾಟಿ ಪಕ್ಕದ ತಾಕಿಗೆ ಹೋದರೆ ಗೊಬ್ಬರವೂ ಹೋಗುತ್ತದೆ. ಗೊಬ್ಬರ ಹಾಕದ ತಾಕು ಹಸಿರಾಗಿ ಎದ್ದು ನಿಂತಿದ್ದರೆ ಪ್ರಯೋಗ ಕೆಟ್ಟಿದೆ ಎಂದೇ ತಿಳಿಯಬೇಕು. ಅದಕ್ಕಾಗಿ ಜೋಡಿ ಬದು ಹಾಕಿ, ನಡುವೆ ಬಸಿಗಾಲುವೆ ಬಿಡುತ್ತಾರೆ. ಮುಂಗಾರು ಒಂದು ಸಲ ತಪ್ಪಿದರೆ ಆ ವರ್ಷದ ಬೆಳೆ ಮತ್ತೆ ಸಿಗದು; ಹಂದಿ ನುಗ್ಗಿದ ಗದ್ದೆಗೆ ಸಂಖ್ಯಾಶಾಸ್ತ್ರದಲ್ಲಿ ಮದ್ದಿಲ್ಲ. ಋತುವಿನ ಗಡಿಯಾರಕ್ಕೆ ಕಟ್ಟಿಬೀಳುವುದು ಈ ವಿಷಯದ ಸ್ವಭಾವ. ಪ್ರತಿಯಾಗಿ, ಬಿತ್ತನೆಯಿಂದ ಕೊಯ್ಲಿನವರೆಗೆ ಇಡೀ ಕಥೆ ನಾಲ್ಕೈದು ತಿಂಗಳಲ್ಲಿ ನಿಮ್ಮ ಕಣ್ಣೆದುರೇ ಮುಗಿಯುತ್ತದೆ.

ತೋಟಗಾರಿಕೆಯ ವಿದ್ಯಾರ್ಥಿನಿ ಅದೇ ಗದ್ದೆಯಲ್ಲಿ ಅಡಿಕೆ ಹಾಕುವುದಾದರೆ ಹೇಗೆ ಎಂದು ಕೇಳುತ್ತಾಳೆ. ಸಾಲಿಗೂ ಗಿಡಕ್ಕೂ 2.7 ಮೀಟರ್ ಅಂತರ ಇಟ್ಟರೆ ಎಕರೆಗೆ ಸುಮಾರು 550 ಸಸಿ ಹಿಡಿಯುತ್ತವೆ. ಗದ್ದೆಯ ನೆಲದಲ್ಲಿ ಮೊದಲ ಶತ್ರು ನಿಂತ ನೀರು. ಬಸಿಗಾಲುವೆಯ ತಳ ಗುಂಡಿಯ ತಳಕ್ಕಿಂತ ಕೆಳಗಿರದಿದ್ದರೆ ಮಳೆಗಾಲದಲ್ಲಿ ಬೇರು ಕೊಳೆತು ಎಲೆ ಹಳದಿಯಾಗುತ್ತದೆ, ಅದನ್ನು ನೋಡಿದವರು ಗೊಬ್ಬರ ಸಾಲದೆಂದು ಇನ್ನಷ್ಟು ಗೊಬ್ಬರ ಸುರಿಯುತ್ತಾರೆ. ಇದೆಲ್ಲ ಒಳ್ಳೆಯ ಪ್ರಶ್ನೆಗಳೇ. ಆದರೆ ಅಡಿಕೆ ಫಸಲು ಬಿಡಲು ಐದಾರು ವರ್ಷ ಬೇಕು, ಎಂ.ಎಸ್ಸಿ. ಮುಗಿಯುವುದು ಎರಡರಲ್ಲಿ. ಆದ್ದರಿಂದ ನೆಟ್ಟು ಇಳುವರಿ ನೋಡುವ ಪ್ರಬಂಧ ಇಲ್ಲಿ ಅಸಾಧ್ಯ, ಪ್ರಶ್ನೆಯನ್ನು ಕಾಲಕ್ಕೆ ಹೊಂದುವಂತೆ ಕುಗ್ಗಿಸಬೇಕಾಗುತ್ತದೆ.

ಕುಗ್ಗಿಸುವುದೆಂದರೆ ಹೀಗೆ. ಆ ಅಡಿಕೆಗೆ ಮುಂದೆ ಹಬ್ಬಿಸಬೇಕಾದ ಕಾಳುಮೆಣಸಿನ ಸಸಿಯನ್ನು ಯಾವ ಮಣ್ಣಿನ ಮಿಶ್ರಣದಲ್ಲಿ ಬೆಳೆಸಿದರೆ ಬೇರು ಚೆನ್ನಾಗಿ ಬರುತ್ತದೆ? ಫೆಬ್ರವರಿ-ಮಾರ್ಚಿನಲ್ಲಿ ಬುಡದ ಹಬ್ಬು ಬಳ್ಳಿಗಳನ್ನು ಎರಡು ಮೂರು ಗೆಣ್ಣಿನ ತುಂಡುಗಳಾಗಿ ಕತ್ತರಿಸಿ, 7 ಬಗೆಯ ಮಿಶ್ರಣಗಳಲ್ಲಿ, 3 ಪುನರಾವರ್ತನೆಯಂತೆ, ತಲಾ 20 ಚೀಲಕ್ಕೆ ನೆಟ್ಟರೆ 420 ಚೀಲ. ಬೇರು ಬಿಟ್ಟ ಶೇಕಡಾವಾರು, ಚಿಗುರಿನ ಉದ್ದ, ಎಲೆಗಳ ಸಂಖ್ಯೆ, ಕೊನೆಗೆ ಕೆಲವು ಸಸಿಗಳನ್ನು ಕಿತ್ತು ತೊಳೆದು ಬೇರಿನ ಉದ್ದ ಹಾಗೂ ತೂಕ ನೋಡಿದರೆ ಮಳೆಗಾಲದ ಹೊತ್ತಿಗೆ ಮಾಹಿತಿ ಕೈಯಲ್ಲಿರುತ್ತದೆ. ಇಲ್ಲಿ ಕೆಡುವುದು ಮೂಲ ಬಳ್ಳಿಯಲ್ಲಿ ಮತ್ತು ನೀರಿನಲ್ಲಿ: ಬೇರೆ ಬೇರೆ ತಳಿ, ವಯಸ್ಸಿನ ಬಳ್ಳಿಗಳನ್ನು ಬೆರೆಸಿದರೆ ಕಂಡ ವ್ಯತ್ಯಾಸ ಮಿಶ್ರಣದ್ದೋ ಬಳ್ಳಿಯದೋ ಎಂದು ಹೇಳಲಾಗದು, ನೀರು ಹೆಚ್ಚಾದರೆ ಸೊರಗು ರೋಗದ ಶಿಲೀಂಧ್ರ ಎಲೆಯ ಮೇಲೆ ಕಪ್ಪು ಮಚ್ಚೆಯಾಗಿ ಕಾಣಿಸಿಕೊಂಡು ಸಾಲು ಸಾಲಾಗಿ ಸಸಿ ಒಯ್ಯುತ್ತದೆ. ದಿನಕ್ಕೆ ಎರಡು ಸಲ ಅವೇ ಚೀಲಗಳನ್ನು ನೋಡಿಯೂ ಬೇಸರವಾಗದವರಿಗೆ ಇದು ಹಿತವಾದ ಕೆಲಸ. ಹೊಸ ತೋಟ ಎಬ್ಬಿಸುವ ಕನಸಿನಿಂದ ಬಂದವರಿಗೆ ನರ್ಸರಿಯ ಚೀಲಗಳು ನಿರಾಸೆ ತರಬಹುದು. ಆ ನಿರಾಸೆ ಈಗಲೇ ಆದರೆ ಒಳ್ಳೆಯದು.

ಕೃಷಿ ಅರ್ಥಶಾಸ್ತ್ರದ ವಿದ್ಯಾರ್ಥಿ ಬದಲಾಯಿಸುವುದು ಲಾಭವೇ, ಯಾರಿಗೆ ಲಾಭ ಎಂದು ಕೇಳುತ್ತಾನೆ. ಗದ್ದೆಯನ್ನು ತೋಟ ಮಾಡಿದ 30 ಕುಟುಂಬ, ಮಾಡದ 30 ಕುಟುಂಬ ಆರಿಸಿಕೊಂಡು, ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗಬೇಕು. ಬಿಸಿಲು ತಪ್ಪುತ್ತದೆ ಎಂದುಕೊಂಡವರು ಗಮನಿಸಬೇಕಾದದ್ದು, ರೈತರು ಬಿಡುವಾಗಿ ಸಿಗುವುದು ಕೊನೆಕೊಯ್ಲು, ಸುಲಿತ ಎಲ್ಲ ಮುಗಿದ ಬೇಸಿಗೆಯಲ್ಲಿ. ವರ್ಷಕ್ಕೆ ಗೊಬ್ಬರ, ಮದ್ದು, ಕೂಲಿಗೆ ಎಷ್ಟಾಯಿತು ಎಂದು ಕೇಳಿದರೆ ‘ಅದೆಲ್ಲ ಯಾರು ಬರೆದಿಡ್ತಾರೆ ತಮಾ’ ಎಂಬ ಉತ್ತರ ಬರುತ್ತದೆ. ಅಲ್ಲಿಂದ ಮುಂದೆ, ಎಷ್ಟು ಆಳು, ಎಷ್ಟು ದಿನ, ಯಾರ ಮನೆಯವರು ಎಂದು ಸಣ್ಣ ಸಣ್ಣ ಪ್ರಶ್ನೆಗಳಿಂದ ಲೆಕ್ಕ ಕಟ್ಟುವುದೇ ಈ ವಿಷಯದ ಕೌಶಲ. ನಮ್ಮಲ್ಲಿ ಒಂದು ಅನುಕೂಲವಿದೆ: ಅಡಿಕೆ ಸಹಕಾರಿ ಸಂಘಗಳ ಮೂಲಕ ಮಾರಾಟವಾಗುವುದರಿಂದ ಮಾರಾಟದ ಪಟ್ಟಿ ಮನೆಯಲ್ಲಿರುತ್ತದೆ, ಬಾಯಿಮಾತಿನ ಇಳುವರಿಯನ್ನು ಅದರೊಂದಿಗೆ ತಾಳೆ ನೋಡಬಹುದು. ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಎಲ್ಲದಕ್ಕೂ ದರ ಬೇರೆಯಾದ್ದರಿಂದ ‘ಅಡಿಕೆಗೆ ಕ್ವಿಂಟಲ್ ದರ’ ಎಂದು ಒಂದೇ ಸಂಖ್ಯೆ ಹಿಡಿದರೆ ಲೆಕ್ಕ ಮೊದಲ ಸಾಲಿನಲ್ಲಿಯೇ ತಪ್ಪುತ್ತದೆ.

ಆಮೇಲಿನದು ಕುಳಿತು ಮಾಡುವ ಕೆಲಸ. ಭತ್ತ ಪ್ರತಿವರ್ಷ ಸ್ವಲ್ಪ ಕೊಡುತ್ತದೆ. ಅಡಿಕೆ ಐದಾರು ವರ್ಷ ಖರ್ಚು ಮಾಡಿಸಿ ಆಮೇಲೆ ಹಲವು ದಶಕ ಕೊಡುತ್ತದೆ. ಇವೆರಡನ್ನು ಹೋಲಿಸಲು ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸಬೇಕು. ಹತ್ತು ವರ್ಷದ ನಂತರ ಬರುವ 1 ಲಕ್ಷ ರೂಪಾಯಿ, ಶೇಕಡಾ 7ರ ಬಡ್ಡಿಯಲ್ಲಿ ಇಂದಿನ ಸುಮಾರು 50,800 ರೂಪಾಯಿಗೆ ಸಮ. ಶೇಕಡಾ 10 ಹಿಡಿದರೆ ಸುಮಾರು 38,600ಕ್ಕೆ ಇಳಿಯುತ್ತದೆ. ಅಂದರೆ ಸಂಘದ ಅಗ್ಗದ ಸಾಲ ಸಿಗುವ ಕುಟುಂಬಕ್ಕೆ ಲಾಭವಾಗಿ ಕಾಣುವ ತೋಟ, ದುಬಾರಿ ಸಾಲ ತರಬೇಕಾದ ಕುಟುಂಬಕ್ಕೆ ನಷ್ಟವಾಗಿ ಕಾಣಬಹುದು. ಜೊತೆಗೆ ಎಲೆಚುಕ್ಕೆ ರೋಗ ಬಂದು ಹತ್ತನೇ ವರ್ಷದಿಂದ ಇಳುವರಿ ಅರ್ಧವಾದರೆ ಏನಾಗುತ್ತದೆ ಎಂದು ಅದೇ ಪಟ್ಟಿಯಲ್ಲಿ ಮತ್ತೊಂದು ಸಲ ಲೆಕ್ಕ ಹಾಕಬೇಕು. ಈ ಲೆಕ್ಕ ಓದುವಾಗ ನಿಮಗೆ ಕುತೂಹಲ ಹುಟ್ಟಿ, ಶೇಕಡಾ 12 ಹಿಡಿದರೆ ಎಷ್ಟು ಎಂದು ಕೈ ಕ್ಯಾಲ್ಕುಲೇಟರಿಗೆ ಹೋಯಿತೇ, ಅಥವಾ ಕಣ್ಣು ಸಂಖ್ಯೆಗಳನ್ನು ಹಾರಿಸಿಕೊಂಡು ಮುಂದಿನ ಸಾಲಿಗೆ ಹೋಯಿತೇ ಎಂಬುದನ್ನು ಪ್ರಾಮಾಣಿಕವಾಗಿ ಗಮನಿಸಿ. ಹಾರಿಸಿದವರು ಈ ವಿಷಯಕ್ಕೆ ಹೋಗಬೇಡಿ ಎಂಬುದೇ ನನ್ನ ಸಲಹೆ, ಏಕೆಂದರೆ ಅಲ್ಲಿನ ಪಾಠಗಳಲ್ಲಿ ಅರ್ಥಮಿತಿಯೂ ಸಂಖ್ಯಾಶಾಸ್ತ್ರವೂ ತಪ್ಪುವುದಿಲ್ಲ.

ಹಂತ 4: ಮೂರರ ತುಣುಕನ್ನೂ ಕೈಯಾರೆ ಮಾಡಿ

ಮೇಲಿನದನ್ನು ಓದಿ ಒಪ್ಪಿದರೆ ಸಾಲದು. ಗ್ರಾಮೀಣ ಕಾರ್ಯಾನುಭವಕ್ಕಾಗಿ ಹಳ್ಳಿಯಲ್ಲಿರುವ ತಿಂಗಳುಗಳು ಇದಕ್ಕೆ ತಕ್ಕ ಸಮಯ. ಯಾವುದಾದರೂ ಬೆಳೆಯಲ್ಲಿ ಚದರ ಮೀಟರಿನ ಚೌಕಟ್ಟು ಹತ್ತು ಕಡೆ ಇಟ್ಟು ಗಿಡ ಮತ್ತು ಕಳೆ ಎಣಿಸಿ ಬರೆಯಿರಿ. ಮೂವತ್ತು ಮೆಣಸಿನ ತುಂಡುಗಳನ್ನು ಎರಡು ಮಿಶ್ರಣಗಳಲ್ಲಿ ನೆಟ್ಟು ವಾರಕ್ಕೊಮ್ಮೆ ದಾಖಲಿಸಿ. ಐದು ಮನೆಗಳಲ್ಲಿ ಒಂದು ಎಕರೆ ಅಡಿಕೆಯ ವಾರ್ಷಿಕ ಖರ್ಚು ಕೇಳಿ, ಮಾರಾಟದ ಪಟ್ಟಿಯೊಂದಿಗೆ ತಾಳೆ ನೋಡಿ, ಸ್ಪ್ರೆಡ್‌ಶೀಟಿನಲ್ಲಿ ತುಂಬಿ.

ಆಮೇಲೆ ನೋಟುಪುಸ್ತಕ ತೆರೆದು ನೋಡಿದರೆ ಉತ್ತರ ಅಲ್ಲಿಯೇ ಇರುತ್ತದೆ. ಯಾವ ಪುಟಗಳಲ್ಲಿ ದಿನಾಂಕ ತಪ್ಪದೆ ಬಿದ್ದಿದೆ, ಅಂಚಿನಲ್ಲಿ ನೀವೇ ಪ್ರಶ್ನೆ ಬರೆದುಕೊಂಡಿದ್ದೀರಿ, ಯಾವುದರಲ್ಲಿ ನಡುವೆ ಖಾಲಿ ಬಿಟ್ಟು ಆಮೇಲೆ ಅಂದಾಜಿನಿಂದ ತುಂಬಿದ್ದೀರಿ ಎಂದು ನೋಡಿ. ಅಂದಾಜಿನಿಂದ ತುಂಬಿದ ಒಂದು ಸಂಖ್ಯೆ ಕಂಡರೂ ಅದನ್ನು ಆ ವಿಷಯದ ವಿರುದ್ಧದ ಸಾಕ್ಷಿ ಎಂದೇ ಪರಿಗಣಿಸಬೇಕು. ಎರಡು ವರ್ಷದ ಪ್ರಬಂಧದಲ್ಲಿ ಆ ಚಾಳಿ ದೊಡ್ಡದಾಗುತ್ತದೆ.

ಹಂತ 5: ವಿಷಯ ಗೊತ್ತಾದ ಮೇಲೆ ವಿಭಾಗ ನೋಡಿ

ಒಂದೇ ವಿಷಯ ಎರಡು ಕಡೆ ಎರಡು ಬಗೆಯಾಗಿರುತ್ತದೆ. ಧಾರವಾಡದ ಬೇಸಾಯಶಾಸ್ತ್ರದ ಸುತ್ತ ಇರುವುದು ಬಯಲು ಸೀಮೆಯ ಬೆಳೆಗಳು. ಮಲೆನಾಡು, ಕರಾವಳಿಯ ಭತ್ತ ಬೇಕೆಂದರೆ ಶಿವಮೊಗ್ಗದ ವಿಶ್ವವಿದ್ಯಾಲಯ ಮತ್ತು ಅದರ ಬ್ರಹ್ಮಾವರದ ಸಂಶೋಧನಾ ಕೇಂದ್ರದ ಕೆಲಸವನ್ನು ನೋಡಬೇಕು. ಕುಮಟಾದ ಗಜನಿ ಭೂಮಿಯಲ್ಲಿ ಉಪ್ಪು ತಡೆದು ಬೆಳೆಯುವ ಕಗ್ಗ ಭತ್ತದಂಥ ವಿಷಯ ಮನಸ್ಸಿನಲ್ಲಿದ್ದವರಿಗೆ ಈ ವ್ಯತ್ಯಾಸ ಮುಖ್ಯ. ತೋಟಗಾರಿಕೆಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯದ ಕಾಲೇಜುಗಳು ಬೇರೆ ಬೇರೆ ಹವಾಮಾನದಲ್ಲಿ ಹರಡಿಕೊಂಡಿರುವುದರಿಂದ ಯಾವ ಆವರಣ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇದನ್ನು ತಿಳಿಯುವ ಸುಲಭ ದಾರಿ ‘ಕೃಷಿಕೋಶ’ ಎಂಬ ಅಂತರ್ಜಾಲ ಭಂಡಾರ. ದೇಶದ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅದರಲ್ಲಿವೆ. ನಿಮಗೆ ಬೇಕಾದ ವಿಭಾಗದ ಇತ್ತೀಚಿನ ನಾಲ್ಕೈದು ಎಂ.ಎಸ್ಸಿ. ಪ್ರಬಂಧ ತೆಗೆದು, ಪೀಠಿಕೆ ಬಿಟ್ಟು, ನೇರವಾಗಿ ‘ಸಾಮಗ್ರಿ ಮತ್ತು ವಿಧಾನ’ ಎಂಬ ಅಧ್ಯಾಯ ಓದಿ. ಯಾವ ಬೆಳೆ, ಯಾವ ಊರು, ಎಷ್ಟು ತಾಕು ಅಥವಾ ಎಷ್ಟು ಕುಟುಂಬ ಎಂಬುದೆಲ್ಲ ಅಲ್ಲಿರುತ್ತದೆ. ಎಲ್ಲ ಪ್ರಬಂಧಗಳೂ ಒಂದೇ ಅಚ್ಚಿನಲ್ಲಿ ಬೆಳೆಯ ಹೆಸರು ಮಾತ್ರ ಬದಲಾಗಿ ಬಂದಿದ್ದರೆ ಅದು ಎಚ್ಚರಿಕೆಯ ಸೂಚನೆ. ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕಂಡಾಗ ವಿಭಾಗ ಹೇಗಿದೆ ಎಂದು ಕೇಳುವ ಬದಲು, ಪ್ರಬಂಧದ ವಿಷಯವನ್ನು ಯಾರು ಆರಿಸಿದರು, ಕೂಲಿ ಮತ್ತು ಮಣ್ಣು ಪರೀಕ್ಷೆಯ ಖರ್ಚು ಯಾರು ಕೊಟ್ಟರು ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಬರುವ ಉತ್ತರ ಮನೆಯ ಬಜೆಟ್ಟಿಗೂ ಸಂಬಂಧಿಸಿದ್ದು.

ಹಂತ 6: ಅರ್ಜಿ ಮತ್ತು ಆದ್ಯತೆಯ ಪಟ್ಟಿ

ಈ ಹೊತ್ತಿಗೆ ಮೊದಲ ಮತ್ತು ಎರಡನೆಯ ವಿಷಯ ಸ್ಪಷ್ಟವಾಗಿರಬೇಕು. ರಾಷ್ಟ್ರಮಟ್ಟದ ಪರೀಕ್ಷೆಗೆ ಮೊದಲ ವಿಷಯದ ಗುಂಪನ್ನೇ ಆರಿಸಿ. ಸೀಟು ಹೆಚ್ಚಿದೆ ಎಂಬ ಕಾರಣಕ್ಕೆ ಗುಂಪು ಬದಲಿಸಿದವರು ಆ ಗುಂಪಿನ ಪಠ್ಯವನ್ನು ಹೊಸದಾಗಿ ಓದಬೇಕಾಗಿ ಬಂದು ಎರಡರಲ್ಲಿಯೂ ಹಿಂದೆ ಬೀಳುತ್ತಾರೆ. ರಾಜ್ಯದ ಹೊರಗೆ ಹೋಗಲು ಮನೆಯಲ್ಲಿ ಒಪ್ಪಿಗೆಯಿದೆಯೇ ಎಂದು ಆದ್ಯತೆಯ ಪಟ್ಟಿ ತುಂಬುವ ಮೊದಲೇ ಮಾತಾಡಿ. ತವರು ರಾಜ್ಯದ ಹೊರಗೆ ಪರಿಷತ್ತಿನ ಸೀಟು ಪಡೆದವರಿಗೆ ನ್ಯಾಷನಲ್ ಟ್ಯಾಲೆಂಟ್ ವಿದ್ಯಾರ್ಥಿವೇತನ ಇರುವುದರಿಂದ ಖರ್ಚಿನ ಮಾತು ಅಂದುಕೊಂಡದ್ದಕ್ಕಿಂತ ಬೇರೆಯಾಗಬಹುದು. ಹೋಗಲು ಇಷ್ಟವಿಲ್ಲದ ಕಾಲೇಜನ್ನು ‘ಇರಲಿ’ ಎಂದು ಪಟ್ಟಿಯ ತುದಿಯಲ್ಲಿ ಸೇರಿಸುವುದು ಪ್ರತಿವರ್ಷ ಕಾಣುವ ತಪ್ಪು, ಬಹಳ ಸಲ ಸಿಗುವುದು ಅದೇ.

ತೋಟಗಾರಿಕೆಯಲ್ಲಿ ಶಾಖೆಗಳ ಕ್ರಮವನ್ನು ಮೊದಲೇ ಬರೆದಿಟ್ಟುಕೊಂಡು, ಎಲ್ಲಿಗೆ ಬಂದರೆ ಬೇಡ ಎನ್ನಬೇಕು ಎಂಬ ಗೆರೆಯನ್ನೂ ಎಳೆದಿಡಿ. ಸಾಂಬಾರ ಬೆಳೆ ಸಿಗದೆ ಕೊಯ್ಲೋತ್ತರ ನಿರ್ವಹಣೆ ಸಿಕ್ಕರೆ ಕೋಕಂ, ಮೆಣಸು, ಅಪ್ಪೆಮಿಡಿಯ ಸಂಸ್ಕರಣೆಯ ಮೂಲಕ ನಮ್ಮ ಜಿಲ್ಲೆಯ ಬೆಳೆಗಳಿಗೆ ಮರಳಲು ದಾರಿಯಿದೆ. ಪುಷ್ಪ ಕೃಷಿಯಲ್ಲಿ ಆ ದಾರಿ ಕಿರಿದು.

ಎರಡನೆಯ ವಿಷಯವನ್ನು ಪೂರ್ತಿ ಕೈಬಿಡಬೇಕಾಗಿಲ್ಲ. 70 ಕ್ರೆಡಿಟ್‌ಗಳಲ್ಲಿ 8 ಉಪವಿಷಯಕ್ಕೆ ಇರುತ್ತವೆ. ಸಾಂಬಾರ ಬೆಳೆ ಓದುವವರು ಕೃಷಿ ಅರ್ಥಶಾಸ್ತ್ರದ ಪಾಠಗಳನ್ನು ಅಲ್ಲಿ ತೆಗೆದುಕೊಂಡರೆ, ಗದ್ದೆಯನ್ನು ತೋಟ ಮಾಡುವ ಲೆಕ್ಕವನ್ನು ತಮ್ಮ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಸರಿಯಾಗಿ ಹಾಕಬಲ್ಲರು. ಯಾವ ಉಪವಿಷಯಕ್ಕೆ ಅವಕಾಶವಿದೆ ಎಂಬುದು ವಿಭಾಗದಿಂದ ವಿಭಾಗಕ್ಕೆ ಬೇರೆಯಾದ್ದರಿಂದ, ಮಾರ್ಗದರ್ಶಕರು ಗೊತ್ತಾದ ವಾರದಲ್ಲಿಯೇ, ಸಲಹಾ ಸಮಿತಿಯ ಹೆಸರುಗಳು ಹಾಗೂ ಅಧ್ಯಯನ ಯೋಜನೆಯ ಪತ್ರ ಸಹಿಗೆ ಹೋಗುವುದಕ್ಕೆ ಮೊದಲು ಕೇಳಬೇಕು. ಸಹಿಯಾದ ಮೇಲೆ ಬದಲಾಯಿಸಲು ಮತ್ತೆ ಸಮಿತಿಯ ಮುಂದೆ ಹೋಗಬೇಕಾಗುತ್ತದೆ.